ಗುರುವಾರ ಸಂಜೆ ಐದರೊಳಗೆ ಒಪ್ಪಿಗೆ ಬೇಕು

ಒಂದು ಯಂತ್ರಭಾಗಗಳ ಕಾರ್ಖಾನೆ. ಅಲ್ಲಿನ ಮೇಂಟೆನೆನ್ಸ್ ಇಂಜಿನಿಯರ್ ಮಂಗಳವಾರ ಬೆಳಿಗ್ಗೆ ತನ್ನ ಪ್ಲಾಂಟ್ ಮ್ಯಾನೇಜರಿಗೆ ಒಂದು ಮೇಲ್ ಕಳಿಸಿದ್ದಾನೆ ಎಂದುಕೊಳ್ಳಿ. ಕಾರ್ಖಾನೆ, ಇಂಜಿನಿಯರ್ ಇಬ್ಬರೂ ನನ್ನ ಕಲ್ಪನೆ. ಮೇಲಿನ ಧಾಟಿ ಮಾತ್ರ ಕಲ್ಪನೆಯಲ್ಲ, ಅದು ನಿಮ್ಮ ಇನ್‌ಬಾಕ್ಸಿನಲ್ಲೂ ಇದೆ. ಇಂಥವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

> ವಿಷಯ: ಕಂಪ್ರೆಸರ್ ಬಗ್ಗೆ
>
> ಮಾನ್ಯರೇ,
>
> ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ. ತಮಗೆ ತಿಳಿದಿರುವಂತೆ ನಮ್ಮ ಘಟಕದಲ್ಲಿ ಎರಡು ಸ್ಕ್ರೂ ಕಂಪ್ರೆಸರ್‌ಗಳಿದ್ದು, ಎರಡನೆಯದನ್ನು ಆರು ವರ್ಷದ ಹಿಂದೆ ಅಳವಡಿಸಲಾಗಿದೆ. ಕಳೆದ ತಿಂಗಳ ಕೊನೆಯ ವಾರ ರಾತ್ರಿ ಪಾಳಿಯ ಆಪರೇಟರ್ ಇದರಿಂದ ವಿಚಿತ್ರ ಸದ್ದು ಬರುತ್ತಿದೆ ಎಂದು ಲಾಗ್‌ಬುಕ್ಕಿನಲ್ಲಿ ಬರೆದಿದ್ದರು. ನಾವು ಮೊದಲು ಆಯಿಲ್ ಮಟ್ಟ ನೋಡಿ, ಆಯಿಲ್ ಫಿಲ್ಟರ್ ಹಾಗೂ ಏರ್ ಫಿಲ್ಟರ್ ಬದಲಾಯಿಸಿದೆವು. ಎರಡು ದಿನ ಸರಿಹೋದಂತೆ ಕಂಡಿತು. ಮತ್ತೆ ಸದ್ದು ಶುರುವಾದ್ದರಿಂದ ಕೂಲರ್ ಸ್ವಚ್ಛ ಮಾಡಿಸಿದೆವು. ಆದರೂ ಮಾಮೂಲಿಗೆ 85 ಡಿಗ್ರಿ ಇರುತ್ತಿದ್ದ ಉಷ್ಣತೆ ಮೊದಲು 98ಕ್ಕೆ, ಈಗ 104ಕ್ಕೆ ಏರಿದೆ. 110ಕ್ಕೆ ಯಂತ್ರ ತಾನಾಗಿ ನಿಂತುಬಿಡುತ್ತದೆ.
>
> ಸರ್ವೀಸ್ ಕಂಪನಿಯವರನ್ನು ಕರೆಸಿ ವೈಬ್ರೇಶನ್ ರೀಡಿಂಗ್ ತೆಗೆಸಿದ್ದೇವೆ. ಏರ್‌ಎಂಡಿನ ಬೇರಿಂಗ್ ಸವೆದಿದೆ ಎನ್ನುತ್ತಾರೆ. ಬೇರಿಂಗ್ ಬದಲಿಸಿ ಓವರ್‌ಹಾಲ್ ಮಾಡಲು ₹2,40,000, ಏರ್‌ಎಂಡನ್ನೇ ಹೊಸದು ಹಾಕಲು ₹5,60,000 ಎಂದು ಕೊಟೇಶನ್ ಕೊಟ್ಟಿದ್ದಾರೆ (ಜಿಎಸ್‌ಟಿ ಬೇರೆ). ಪರ್ಚೇಸ್ ವಿಭಾಗದವರು ಇನ್ನೊಂದು ಕಂಪನಿಯಿಂದಲೂ ಕೊಟೇಶನ್ ತರಿಸಲು ಹೇಳಿದ್ದರು. ಹಲವು ಸಲ ಫೋನ್ ಮಾಡಿದರೂ ಆ ಕಡೆಯಿಂದ ಉತ್ತರವಿಲ್ಲ. ಬೇರಿಂಗ್ ಕಿಟ್ ಪುಣೆಯಿಂದ ಬರಬೇಕು, ಗುರುವಾರ ಸಂಜೆ ಹೊರಟರೆ ಶನಿವಾರ ಬೆಳಿಗ್ಗೆ ತಲುಪುತ್ತದೆ. ಸರ್ವೀಸ್ ತಂಡ 18 ಮತ್ತು 19ರಂದು ಬಿಡುವಾಗಿದೆ, ತಪ್ಪಿದರೆ ಮುಂದಿನ ತಿಂಗಳು ಎಂದಿದ್ದಾರೆ. ಶನಿವಾರ, ಭಾನುವಾರ ಲೋಡ್ ಕಡಿಮೆ ಇರುವುದರಿಂದ ಒಂದನೇ ಕಂಪ್ರೆಸರ್‌ನಲ್ಲಿ ಹೇಗೋ ನಿಭಾಯಿಸಬಹುದು.
>
> ಆದ್ದರಿಂದ ಮೇಲಿನ ಅಂಶಗಳನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.

ಬರೆದವನು ಸೋಮಾರಿಯಲ್ಲ. ಮಾಡಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿದ್ದಾನೆ, ಯಾವುದನ್ನೂ ಮುಚ್ಚಿಟ್ಟಿಲ್ಲ. ಆದರೂ ಈ ಮೇಲಿಗೆ ಗುರುವಾರ ಸಂಜೆಯೊಳಗೆ ಉತ್ತರ ಬರುವ ಸಂಭವ ಕಡಿಮೆ. ಏಕೆಂದು ತಿಳಿಯಲು ಮ್ಯಾನೇಜರ್ ಇದನ್ನು ಎಲ್ಲಿ ನೋಡುತ್ತಾರೆ ಎಂಬುದನ್ನು ನೋಡಬೇಕು.

ಅವರು ನೋಡುವುದು ಒಂದು ಮೀಟಿಂಗ್ ಮುಗಿದು ಇನ್ನೊಂದಕ್ಕೆ ಹೋಗುವ ನಡುವೆ, ಮೊಬೈಲಿನಲ್ಲಿ. ಅಲ್ಲಿ ಮೇಲ್ ತೆರೆದು ಕಾಣುವುದಿಲ್ಲ, ಪಟ್ಟಿಯಾಗಿ ಕಾಣುತ್ತದೆ: ಕಳಿಸಿದವರ ಹೆಸರು, ವಿಷಯದ ಸಾಲು, ಅದರ ಕೆಳಗೆ ಮೇಲಿನ ಮೊದಲ ಕೆಲವು ಪದಗಳು. ಐಫೋನಿನ ಮೇಲ್ ಆ್ಯಪಿನಲ್ಲಿ ನಾವೇನೂ ಬದಲಾಯಿಸದಿದ್ದರೆ ಹೀಗೆ ಕಾಣುವುದು ಎರಡು ಸಾಲು. ಔಟ್‌ಲುಕ್‌ನಲ್ಲಿ ಒಂದು, ಎರಡು ಅಥವಾ ಮೂರು ಸಾಲು ಎಂದು ನಾವೇ ಆರಿಸಿಕೊಳ್ಳಬಹುದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದರೆ ವಿಷಯದ ಪಕ್ಕದಲ್ಲೇ, ಅದೇ ಸಾಲಿನಲ್ಲಿ ಉಳಿದ ಜಾಗದಷ್ಟು. ಕೇಳಬೇಕಾದ್ದನ್ನು ಮೊದಲ ಎರಡು ಸಾಲಿನಲ್ಲಿ ಕೇಳಿ ಎಂಬ ಮಾತು ಬರಿಯ ಶೈಲಿಯ ಉಪದೇಶವಲ್ಲ. ಆ ಎರಡು ಸಾಲನ್ನು ನೋಡಿಯೇ ಮ್ಯಾನೇಜರ್ ಈಗ ತೆರೆಯಬೇಕೋ, ಆಮೇಲೆ ನೋಡೋಣವೋ ಎಂದು ತೀರ್ಮಾನಿಸುತ್ತಾರೆ. ನಮ್ಮ ಇಂಜಿನಿಯರಿನ ಮೇಲ್ ಆ ಪಟ್ಟಿಯಲ್ಲಿ ಕಾಣುವುದು ಹೀಗೆ: "ಕಂಪ್ರೆಸರ್ ಬಗ್ಗೆ. ಮಾನ್ಯರೇ, ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ. ತಮಗೆ ತಿಳಿದಿರುವಂತೆ..." ಆಮೇಲೆ ನೋಡಬಹುದಾದ ಮೇಲ್ ಇದು ಎಂದು ಯಾರಿಗಾದರೂ ಅನಿಸುತ್ತದೆ. ಹಳೆಯ ಮೇಲನ್ನು ಫಾರ್ವರ್ಡ್ ಮಾಡಿ ಮೇಲುಗಡೆ ಏನೂ ಬರೆಯದೆ ಕಳಿಸುವವರ ಸ್ಥಿತಿ ಇನ್ನೂ ಕಷ್ಟ. ಅಲ್ಲಿ ಮೊದಲಿಗೆ ಕಾಣುವುದೇ `Forwarded message` ಎಂಬ ಗೆರೆ.

ನಾವು ಹೀಗೆ ಬರೆಯುವುದಕ್ಕೆ ಕಾರಣ ಶಾಲೆಯಿಂದಲೇ ಶುರುವಾಗುತ್ತದೆ. ರಜೆ ಅರ್ಜಿ ನೆನಪಿಸಿಕೊಳ್ಳಿ. ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಎಂದು ಆರಂಭಿಸಿ, ಜ್ವರದ ಕಥೆ ಹೇಳಿ, ಕೊನೆಯಲ್ಲಿ ಎರಡು ದಿನ ರಜೆ. ಸರ್ಕಾರಿ ಪತ್ರದ್ದೂ ಬಹುಮಟ್ಟಿಗೆ ಅದೇ ಕ್ರಮ. ಮೇಲೆ ವಿಷಯ, ಉಲ್ಲೇಖ. ಆಮೇಲೆ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಹಿನ್ನೆಲೆ. ಕೊನೆಯ ಪ್ಯಾರಾದಲ್ಲಿ ಕೋರಿಕೆ. ಆ ಕ್ರಮವನ್ನು ಬೈಯುವುದು ಸುಲಭ. ಆದರೆ ಅದು ಹುಟ್ಟಿದ ಕಚೇರಿಯಲ್ಲಿ ಅದಕ್ಕೆ ಅರ್ಥವಿತ್ತು. ಪತ್ರ ನೇರವಾಗಿ ಸಾಹೇಬರ ಮೇಜಿಗೆ ಹೋಗುತ್ತಿರಲಿಲ್ಲ, ವಿಷಯ ನಿರ್ವಾಹಕರ ಕೈಗೆ ಹೋಗುತ್ತಿತ್ತು. ಅವರು ಪೂರ್ತಿ ಓದಿ, ಕಡತದಲ್ಲಿ ಟಿಪ್ಪಣಿ ಬರೆದು, ಅನುಮೋದಿಸಬಹುದು ಅಥವಾ ಬೇಡ ಎಂದು ಸೂಚಿಸಿ ಮೇಲಕ್ಕೆ ಕಳಿಸುತ್ತಿದ್ದರು. ಸಾಹೇಬರು ಸಾಮಾನ್ಯವಾಗಿ ಓದುತ್ತಿದ್ದುದು ಟಿಪ್ಪಣಿಯನ್ನು. ಈಗ ನಮ್ಮ ಮೇಲ್ ನಡುವೆ ಯಾರೂ ಇಲ್ಲದೆ ನೇರ ಮ್ಯಾನೇಜರಿನ ಜೇಬಿಗೆ ಹೋಗುತ್ತದೆ. ಟಿಪ್ಪಣಿ ಬರೆಯುವ ಕೆಲಸವೂ ನಮ್ಮದೇ ಆಗಿದೆ, ಆದರೆ ನಾವು ಇನ್ನೂ ಅರ್ಜಿಯನ್ನೇ ಬರೆಯುತ್ತಿದ್ದೇವೆ.

ಇನ್ನೊಂದು ಕಾರಣ, ಘಟನೆ ನಡೆದ ಕ್ರಮದಲ್ಲೇ ಬರೆಯುವುದು. ಮೊದಲು ಸದ್ದು ಬಂತು, ಆಮೇಲೆ ಫಿಲ್ಟರ್, ಆಮೇಲೆ ಕೂಲರ್. ಬರೆಯುವವನಿಗೆ ಇದು ಸಹಜ, ಏಕೆಂದರೆ ಅವನಿಗೆ ತಿಳಿದದ್ದೇ ಆ ಕ್ರಮದಲ್ಲಿ. ತೀರ್ಮಾನ ಮಾಡುವವರಿಗೆ ಬೇಕಿರುವ ಕ್ರಮ ಹೆಚ್ಚು ಕಡಿಮೆ ತಿರುವುಮುರುವು: ನಾನೇನು ಮಾಡಬೇಕು, ಯಾವಾಗಿನೊಳಗೆ, ಮಾಡದಿದ್ದರೆ ಏನಾಗುತ್ತದೆ, ಏಕೆ ಹೀಗಾಯಿತು.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಹೆದರಿಕೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ನಾನು ಎಲ್ಲವನ್ನೂ ಬರೆದಿದ್ದೆ ಎಂದು ತೋರಿಸಲು ಒಂದು ದಾಖಲೆ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ದಾಖಲೆಯನ್ನೂ ಕೋರಿಕೆಯನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಿದಾಗ ಎರಡೂ ಕೆಡುತ್ತವೆ.

1940ರ ಆಗಸ್ಟ್ 9ರಂದು, ಬ್ರಿಟನ್ನಿನ ಮೇಲೆ ಜರ್ಮನಿಯ ವಿಮಾನಗಳು ದಾಳಿ ನಡೆಸುತ್ತಿದ್ದ ದಿನಗಳಲ್ಲಿ, ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ತಮ್ಮ ಸಂಪುಟದವರಿಗೂ ಅಧಿಕಾರಿಗಳಿಗೂ ಒಂದು ಚಿಕ್ಕ ಸುತ್ತೋಲೆ ಕಳಿಸಿದರು. ವರದಿಗಳು ತೀರಾ ಉದ್ದವಾಗುತ್ತಿವೆ, ಮುಖ್ಯ ಅಂಶಗಳನ್ನು ಚಿಕ್ಕ ಪ್ಯಾರಾಗಳಲ್ಲಿ ಕೊಡಿ, ಅಂಕಿಅಂಶ ಮತ್ತು ಸೂಕ್ಷ್ಮ ವಿಶ್ಲೇಷಣೆಗಳನ್ನು ಅನುಬಂಧಕ್ಕೆ ಹಾಕಿ ಎಂಬುದು ಅದರ ಸಾರ. ಗಮನಿಸಬೇಕಾದ್ದು ಆ ಅನುಬಂಧದ ಮಾತನ್ನು. ವಿವರ ಬೇಡ ಎಂದು ಅವರು ಹೇಳಲಿಲ್ಲ, ಅದು ಬೇರೆ ಕಡೆ ಇರಲಿ ಎಂದರು. ಅಮೆರಿಕದ ಸೇನೆಯ ಪತ್ರವ್ಯವಹಾರದ ನಿಯಮಾವಳಿ 25-50 ಕೂಡ ಮುಖ್ಯ ಮಾತನ್ನು ಆರಂಭದಲ್ಲೇ ಇಡಬೇಕು ಎನ್ನುತ್ತದೆ. ಇಂದಿನ ಕಚೇರಿ ತರಬೇತಿಗಳಲ್ಲಿ 'ಬ್ಲಫ್' ಎಂಬ ಹೆಸರಿನಲ್ಲಿ ಹೇಳಿಕೊಡುವುದು ಇದನ್ನೇ.

## ಕ್ರಿಯಾಪದ ಯಾವುದು?

ಈಗ ಕಂಪ್ರೆಸರಿಗೆ ಬರೋಣ. ಉದ್ದ ಮೇಲನ್ನು ಚಿಕ್ಕದು ಮಾಡಿ ಎಂದರೆ ಹೆಚ್ಚಿನವರು ಪದಗಳನ್ನು ಕತ್ತರಿಸಲು ಕೂರುತ್ತಾರೆ. ಕ್ಷೇಮಸಮಾಚಾರ ಹೋಗುತ್ತದೆ, 'ತಮಗೆ ತಿಳಿದಿರುವಂತೆ' ಹೋಗುತ್ತದೆ, ನೂರೈವತ್ತು ಪದ ನೂರಿಪ್ಪತ್ತಾಗುತ್ತದೆ. ಕೋರಿಕೆ ಇದ್ದಲ್ಲೇ ಇರುತ್ತದೆ. ಹಾಗೆ ಮಾಡುವ ಬದಲು, ಮೇಲನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಓದಿ ಮುಗಿಸಿದ ಮೇಲೆ ಮ್ಯಾನೇಜರ್ ಮಾಡಬೇಕಾದ ಕೆಲಸ ಯಾವುದು? ಉತ್ತರ ಒಂದು ಕ್ರಿಯಾಪದವಾಗಿರಬೇಕು. ಒಪ್ಪಿಗೆ ಕೊಡುವುದು, ಎರಡರಲ್ಲಿ ಒಂದನ್ನು ಆರಿಸುವುದು, ಸಹಿ ಹಾಕುವುದು, ಇನ್ನೊಬ್ಬರಿಗೆ ಹೇಳುವುದು, ಅಥವಾ ಸುಮ್ಮನೆ ತಿಳಿದುಕೊಳ್ಳುವುದು.

'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ' ಎಂಬುದು ಕ್ರಿಯಾಪದದ ವೇಷ ಹಾಕಿದ ನುಣುಚಾಟ. ಯಾವ ಕ್ರಮ ಸೂಕ್ತ ಎಂದು ಹುಡುಕುವ ಕೆಲಸವನ್ನು ಓದುವವರ ತಲೆಗೆ ಕಟ್ಟುತ್ತದೆ. ಇಂಗ್ಲಿಷಿನ 'ಪ್ಲೀಸ್ ಡೂ ದಿ ನೀಡ್‌ಫುಲ್' ಇದರ ಸ್ವಂತ ಅಣ್ಣ.

ನಮ್ಮ ಇಂಜಿನಿಯರ್ ಈ ಪ್ರಶ್ನೆ ಕೇಳಿಕೊಂಡ ಕ್ಷಣವೇ ತೊಡಕು ಎದುರಾಗುತ್ತದೆ. ಕೊಟೇಶನ್ ಎರಡಿವೆ. ಯಾವುದಕ್ಕೆ ಒಪ್ಪಿಗೆ ಬೇಕು? ಮೇಲಿನಲ್ಲಿ ಅವನು ಹೇಳಿಯೇ ಇಲ್ಲ. ಹೇಳದಿರುವುದಕ್ಕೆ ಕಾರಣ, ಅವನಿನ್ನೂ ತೀರ್ಮಾನಿಸಿಲ್ಲ. ಉದ್ದ ಮೇಲ್‌ಗಳಲ್ಲಿ ಬಹುಪಾಲು ಹೀಗೇ: ಬರೆದವರು ತಮ್ಮ ಸಲಹೆ ಏನೆಂದು ಗಟ್ಟಿ ಮಾಡಿಕೊಳ್ಳುವ ಮೊದಲೇ ಬರೆಯಲು ಕೂತಿರುತ್ತಾರೆ. ಕಂಪ್ರೆಸರನ್ನು ಅವನಷ್ಟು ಬಲ್ಲವರು ಆ ಕಾರ್ಖಾನೆಯಲ್ಲಿ ಬೇರೆ ಇಲ್ಲ. ಅವನೇ ಆರಿಸದಿದ್ದರೆ ಮ್ಯಾನೇಜರ್ ಹೇಗೆ ಆರಿಸಿಯಾರು? ಹಾಗಾಗಿ ಮೇಲನ್ನು ಚಿಕ್ಕದು ಮಾಡುವ ಮೊದಲ ಹೆಜ್ಜೆ ಕಂಪ್ಯೂಟರಿನ ಮುಂದಲ್ಲ, ಯಂತ್ರದ ಮುಂದೆ. ಸರ್ವೀಸ್ ಕಂಪನಿಗೆ ಇನ್ನೊಂದು ಫೋನ್ ಮಾಡಿ ವಿಚಾರಿಸಿದ ಮೇಲೆ ಅವನು ತೀರ್ಮಾನಕ್ಕೆ ಬರುತ್ತಾನೆ: ಓವರ್‌ಹಾಲ್ ಸಾಕು. ಬಿಚ್ಚಿದಾಗ ಒಳಗಿನ ರೋಟರ್‌ಗಳು ಒಂದಕ್ಕೊಂದು ಉಜ್ಜಿ ಕೆಟ್ಟಿರುವುದು ಕಂಡರೆ ಮಾತ್ರ ಹೊಸ ಏರ್‌ಎಂಡ್ ಬೇಕಾಗುತ್ತದೆ.

ಎರಡನೆಯ ಹೆಜ್ಜೆ ಆ ಕ್ರಿಯಾಪದದ ಸುತ್ತ ಒಂದು ವಾಕ್ಯ ಕಟ್ಟುವುದು. ಯಾವುದಕ್ಕೆ, ಎಷ್ಟು, ಯಾವಾಗಿನೊಳಗೆ. ಇಲ್ಲಿ ಎರಡು ಕಡೆ ಎಡವುತ್ತೇವೆ. ಒಂದು, ಮೊತ್ತ. ಕೊಟೇಶನ್ನಿನಲ್ಲಿ ₹2,40,000 ಇದೆ, ಆದರೆ ಕಂಪನಿಯ ಖಾತೆಯಿಂದ ಹೋಗುವುದು ಶೇ. 18 ಜಿಎಸ್‌ಟಿ ಸೇರಿ ₹2,83,200. ಮ್ಯಾನೇಜರ್ ಹೂಂ ಎನ್ನಬೇಕಾದದ್ದು ಯಾವ ಅಂಕಿಗೋ ಅದನ್ನೇ ಬರೆಯಬೇಕು. ಮೊದಲು ಸಣ್ಣ ಅಂಕಿ ತೋರಿಸಿ, ಆರ್ಡರ್ ಹಾಕುವಾಗ ದೊಡ್ಡದು ಬಂದರೆ, ಒಪ್ಪಿಗೆಯನ್ನು ಮತ್ತೆ ಕೇಳಬೇಕಾಗುತ್ತದೆ. ಇನ್ನೊಂದು, ಗಡುವು. 'ಆದಷ್ಟು ಬೇಗ' ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಬರಿ 'ಗುರುವಾರ' ಎಂದರೆ ಮ್ಯಾನೇಜರಿಗೆ ಗುರುವಾರ ರಾತ್ರಿ ಹತ್ತೂ ಗುರುವಾರವೇ, ಆ ಹೊತ್ತಿಗೆ ಪುಣೆಯ ಲಾರಿ ಹೊರಟುಹೋಗಿರುತ್ತದೆ. ದಿನ, ತಾರೀಕು, ಗಂಟೆ ಮೂರೂ ಬೇಕು, ಜೊತೆಗೆ ಆ ಗಂಟೆಯೇ ಏಕೆ ಎಂಬ ಕಾರಣವೂ ಬೇಕು. ಕಾರಣವಿಲ್ಲದ ಗಡುವನ್ನು ಮೇಲಿನವರು ಒತ್ತಾಯ ಎಂದುಕೊಳ್ಳುತ್ತಾರೆ, ಕಾರಣವಿದ್ದರೆ ಮಾಹಿತಿ ಎಂದುಕೊಳ್ಳುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ತೊಂದರೆ. ಇಂಗ್ಲಿಷಿನಲ್ಲಿ 'ಪ್ಲೀಸ್ ಅಪ್ರೂವ್' ಎಂದು ಶುರುಮಾಡಿ ಉಳಿದದ್ದನ್ನು ಹಿಂದೆ ಜೋಡಿಸಬಹುದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಂತ್ರದ ಹೆಸರು, ರಿಪೇರಿಯ ಬಗೆ, ಕೊಟೇಶನ್ ನಂಬರು, ತೆರಿಗೆಯ ವಿವರ ಎಲ್ಲವನ್ನೂ ತುಂಬಿದ ವಾಕ್ಯವಾದರೆ 'ಒಪ್ಪಿಗೆ ಕೊಡಿ' ಎಂಬುದು ಬರುವ ಹೊತ್ತಿಗೆ ಎರಡು ಸಾಲು ದಾಟಿರುತ್ತದೆ. ಆದ್ದರಿಂದ ಮೊದಲ ವಾಕ್ಯ ಚಿಕ್ಕದಿರಬೇಕು. ಗಡುವನ್ನು ಕ್ರಿಯಾಪದದ ಆಚೆಗೆ ಇಟ್ಟರೂ ನಡೆಯುತ್ತದೆ, ಮಾತಿನಲ್ಲಿ ನಾವು ಹಾಗೇ ಹೇಳುವುದು: ಒಪ್ಪಿಗೆ ಕೊಡಿ ಸಾರ್, ಗುರುವಾರ ಐದರೊಳಗೆ.

## ಉಳಿದದ್ದು ಎಲ್ಲಿಗೆ?

ಮೂರನೆಯ ಹೆಜ್ಜೆ, ಮಿಕ್ಕ ವಾಕ್ಯಗಳನ್ನು ಒಂದೊಂದಾಗಿ ಎತ್ತಿ ವಿಚಾರಿಸುವುದು: ಇದು ಗೊತ್ತಿಲ್ಲದಿದ್ದರೆ ಮ್ಯಾನೇಜರಿನ ತೀರ್ಮಾನ ಬದಲಾಗುತ್ತದೆಯೇ? ಯಂತ್ರ ಆರು ವರ್ಷ ಹಳೆಯದು ಎಂಬುದು ಹೋಗಬಹುದು. ರಾತ್ರಿ ಪಾಳಿಯ ಆಪರೇಟರ್ ಬರೆದದ್ದು ಲಾಗ್‌ಬುಕ್ಕಿನಲ್ಲೇ ಇದೆ, ಅದರ ಪುಟದ ಫೋಟೋ ಲಗತ್ತಿಸಿದರೆ ಸಾಕು. ಫಿಲ್ಟರ್, ಕೂಲರ್‌ಗಳ ಕಥೆ ಮೂರು ವಾಕ್ಯದಲ್ಲಿ ಬೇಡ. ಆದರೆ ಅರ್ಧ ವಾಕ್ಯದಲ್ಲಿ ಬೇಕು, ಏಕೆಂದರೆ ಅದಿಲ್ಲದಿದ್ದರೆ 'ಫಿಲ್ಟರ್ ನೋಡಿದಿರಾ?' ಎಂದು ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. ಉಷ್ಣತೆಯ ನಾಲ್ಕು ಅಂಕಿಗಳಲ್ಲಿ 98 ಬೇಡ. ಎಲ್ಲಿತ್ತು, ಎಲ್ಲಿದೆ, ಎಲ್ಲಿ ನಿಲ್ಲುತ್ತದೆ ಎಂಬ 85, 104, 110 ಸಾಕು. ವಾರಾಂತ್ಯದಲ್ಲಿ ಒಂದನೇ ಕಂಪ್ರೆಸರ್ ಸಾಲುತ್ತದೆ ಎಂಬ ಮಾತು ಮೂಲ ಮೇಲಿನಲ್ಲಿ ಕೊನೆಯಲ್ಲಿ, 'ಹೇಗೋ' ಎಂಬ ಅನುಮಾನದೊಂದಿಗೆ ಬಂದಿತ್ತು. ಪ್ಲಾಂಟ್ ಮ್ಯಾನೇಜರಿಗೆ ಅತಿ ಮುಖ್ಯವಾದ ಮಾತೇ ಅದು, ಏಕೆಂದರೆ ಅವರು ಲೆಕ್ಕ ಕೊಡಬೇಕಾದ್ದು ಉತ್ಪಾದನೆಗೆ. ಅದನ್ನು ಮೇಲೆತ್ತಬೇಕು, ಸಾಲುತ್ತದೆಯೋ ಇಲ್ಲವೋ ಎಂದು ಮೊದಲು ಪ್ರೊಡಕ್ಷನ್ ವಿಭಾಗದವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು.

ಎರಡನೆಯ ಕೊಟೇಶನ್ ಬಂದಿಲ್ಲ ಎಂಬ ಸಂಗತಿಯದು ಸೂಕ್ಷ್ಮ ಪ್ರಶ್ನೆ. ಚಿಕ್ಕದು ಮಾಡುವ ನೆಪದಲ್ಲಿ ಅದನ್ನು ಬಿಟ್ಟುಬಿಡುವ ಆಸೆ ಸಹಜ. ಅಥವಾ ಲಗತ್ತಿನ ಮೂರನೇ ಪುಟದಲ್ಲಿ ಎಲ್ಲೋ ಒಂದು ಕಡೆ ಬರೆದು, ನಾನು ಹೇಳಿದ್ದೆ ಎನ್ನಬಹುದು. ಹಾಗೆ ಮಾಡಬಾರದು. ಪರ್ಚೇಸ್ ವಿಭಾಗ ಎರಡು ಕೊಟೇಶನ್ ಕೇಳಿದ್ದಾಗ ಒಂದರ ಮೇಲೆ ಒಪ್ಪಿಗೆ ಕೊಟ್ಟವರು ನಾಳೆ ಆಡಿಟ್‌ನವರಿಗೆ ಉತ್ತರಿಸಬೇಕು. ಸಹಿ ಹಾಕಿದವರಿಗೆ ಮುಂದೆ ತೊಂದರೆ ತರಬಹುದಾದ ಸಂಗತಿ ಯಾವುದೇ ಇದ್ದರೂ, ಅದು ಎಷ್ಟೇ ಮುಜುಗರದ್ದಾಗಿದ್ದರೂ, ಮೇಲಿನ ಒಳಗೇ ಕಣ್ಣಿಗೆ ಬೀಳುವಂತೆ ಇರಬೇಕು. ಮೇಲ್ ಚಿಕ್ಕದಾಗುವುದಕ್ಕೆ ಒಂದು ಮಿತಿ ಇದ್ದರೆ ಅದು ಇದೇ.

ಇಷ್ಟಾದ ಮೇಲೆ ಮೇಲ್ ಹೀಗಾಗುತ್ತದೆ:

> ವಿಷಯ: ಒಪ್ಪಿಗೆ ಬೇಕು, ಗುರುವಾರ ಸಂಜೆ 5ರೊಳಗೆ: ಕಂಪ್ರೆಸರ್ 2 ರಿಪೇರಿ
>
> ಸಾರ್, ಕಂಪ್ರೆಸರ್ 2ರ ರಿಪೇರಿಗೆ ₹2,83,200 ಒಪ್ಪಿಗೆ ಕೊಡಿ, ಗುರುವಾರ (16) ಸಂಜೆ 5ರೊಳಗೆ. ತಡವಾದರೆ ಈ ವಾರಾಂತ್ಯ ತಪ್ಪಿ ರಿಪೇರಿ ಮುಂದಿನ ತಿಂಗಳಿಗೆ ಹೋಗುತ್ತದೆ.
>
> ಉತ್ಪಾದನೆ ನಿಲ್ಲುವುದಿಲ್ಲ: ಕೆಲಸ ಶನಿವಾರ, ಭಾನುವಾರ (18, 19). ಆ ಎರಡು ದಿನ ಕಂಪ್ರೆಸರ್ 1 ಸಾಕು ಎಂದು ಪ್ರೊಡಕ್ಷನ್‌ನವರು ಒಪ್ಪಿದ್ದಾರೆ.
>
> ಏಕೆ ಈಗಲೇ: ಉಷ್ಣತೆ 85ರಿಂದ 104 ಡಿಗ್ರಿಗೆ ಏರಿದೆ, 110ಕ್ಕೆ ಯಂತ್ರ ತಾನಾಗಿ ನಿಲ್ಲುತ್ತದೆ. ಫಿಲ್ಟರ್ ಬದಲಿಸಿ, ಕೂಲರ್ ಸ್ವಚ್ಛ ಮಾಡಿದರೂ ಇಳಿದಿಲ್ಲ. ಬೇರಿಂಗ್ ಸವೆದಿದೆ ಎಂದು ಸರ್ವೀಸ್ ಕಂಪನಿಯ ವರದಿ. ಬೇರಿಂಗ್ ಕಿಟ್ ಗುರುವಾರ ಸಂಜೆ ಪುಣೆಯಿಂದ ಹೊರಟರೆ ಮಾತ್ರ ಶನಿವಾರ ಸಿಗುತ್ತದೆ.
>
> ಗಮನಕ್ಕೆ: ಕೊಟೇಶನ್ ಒಂದೇ ಕಂಪನಿಯದು, ಎರಡನೆಯವರು ಉತ್ತರಿಸಿಲ್ಲ. ಬಿಚ್ಚಿದಾಗ ರೋಟರ್ ಕೆಟ್ಟಿದ್ದರೆ ಹೊಸ ಏರ್‌ಎಂಡ್ (ಜಿಎಸ್‌ಟಿ ಸೇರಿ ₹6,60,800) ಬೇಕಾಗಬಹುದು. ಹಾಗಾದರೆ ಶನಿವಾರವೇ ತಿಳಿಸಿ, ತಮ್ಮನ್ನು ಕೇಳದೆ ಮುಂದುವರಿಯುವುದಿಲ್ಲ.
>
> ಲಗತ್ತು: ಕೊಟೇಶನ್, ವೈಬ್ರೇಶನ್ ವರದಿ, ಲಾಗ್‌ಬುಕ್ ಪುಟ.

ತೀರಾ ಚಿಕ್ಕದೇನೂ ಆಗಲಿಲ್ಲ, ನೋಡಿ. ಮೂಲದ ಮುಕ್ಕಾಲು ಪಾಲಾದರೂ ಇರಬಹುದು. ಆದರೆ ಮೊಬೈಲಿನ ಪಟ್ಟಿಯಲ್ಲೇ ಇದನ್ನು ನೋಡಿದ ಮ್ಯಾನೇಜರಿಗೆ ತಮ್ಮಿಂದ ಏನು ಬೇಕಿದೆ ಎಂದು ತಿಳಿಯುತ್ತದೆ, ಮೊದಲ ಪ್ಯಾರಾ ಓದಿ 'ಓಕೆ' ಎಂದರೂ ಕೆಲಸ ನಡೆಯುತ್ತದೆ. ಅನುಮಾನವಿದ್ದವರು ಕೆಳಗೆ ಹೋಗಿ ಓದುತ್ತಾರೆ. ಇನ್ನೂ ಅನುಮಾನವಿದ್ದವರು ಲಗತ್ತು ತೆರೆಯುತ್ತಾರೆ. ಹೊಸದಾಗಿ ಸೇರಿದ ಮಾತುಗಳನ್ನೂ ಗಮನಿಸಿ: ಪ್ರೊಡಕ್ಷನ್‌ನವರ ಒಪ್ಪಿಗೆ, ತೆರಿಗೆ ಸೇರಿದ ಮೊತ್ತ, ರೋಟರ್ ಕೆಟ್ಟಿದ್ದರೆ ಏನು ಎಂಬ ಎಚ್ಚರಿಕೆ. ಮೊದಲಿನ ಉದ್ದ ಮೇಲಿನಲ್ಲಿ ಇವು ಇರಲೇ ಇಲ್ಲ.

ವಿಷಯದ ಸಾಲಿನಲ್ಲಿ ಒಪ್ಪಿಗೆ ಎಂಬ ಮಾತು ಮುಂದೆ, ಯಂತ್ರದ ಹೆಸರು ಹಿಂದೆ ಬಂದಿರುವುದೂ ಬೇಕೆಂದೇ. ಮೊಬೈಲಿನಲ್ಲಿ ಆ ಸಾಲಿನ ಬಾಲ ಕತ್ತರಿಸಿ ಹೋಗುತ್ತದೆ, ತಲೆ ಮಾತ್ರ ಖಂಡಿತ ಉಳಿಯುತ್ತದೆ. 'ಅರ್ಜೆಂಟ್' ಎಂದು ಬರೆಯುವ ಅಭ್ಯಾಸವಿದ್ದವರು ಅದನ್ನು ಬಿಟ್ಟು ಗಡುವನ್ನೇ ಬರೆಯುವುದು ಲೇಸು. ದಿನಕ್ಕೆ ಹತ್ತು ಅರ್ಜೆಂಟ್ ನೋಡುವವರಿಗೆ ಹನ್ನೊಂದನೆಯದು ಕಾಣುವುದಿಲ್ಲ.

ಹೀಗೆ ನೇರವಾಗಿ ಕೇಳುವುದು ಉದ್ಧಟತನವಾಗದೇ ಎಂಬ ಅಳುಕು ನಮ್ಮಲ್ಲಿ ಬಹಳ ಜನಕ್ಕಿದೆ. ದೊಡ್ಡವರ ಹತ್ತಿರ ಹೋದ ಕೂಡಲೇ ಬೇಕಾದ್ದನ್ನು ಕೇಳುವುದು ನಮ್ಮ ಮನೆಗಳಲ್ಲಿ ಒಳ್ಳೆಯ ನಡತೆಯಲ್ಲ. ಕೂತು, ಕಾಫಿ ಕುಡಿದು, ಊರಿನ ಮಳೆಬೆಳೆ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತೇವೆ. ಮುಖ ನೋಡಿ ಮಾತಾಡುವಾಗ ಅದು ಸರಿ. ಮೇಲಿನಲ್ಲಿ ಗೌರವಕ್ಕೆ 'ಸಾರ್' ಮತ್ತು 'ಕೊಡಿ' ಎಂಬ ಬಹುವಚನವೇ ಸಾಕಾಗುತ್ತದೆ, ಬೇಕಿದ್ದರೆ ಒಂದು 'ದಯವಿಟ್ಟು' ಸೇರಿಸಬಹುದು. ನಿಮ್ಮ ಮ್ಯಾನೇಜರ್ ಕ್ಷೇಮಸಮಾಚಾರ ಬಯಸುವವರೇ ಆಗಿದ್ದರೆ ಅದನ್ನು ಕೊನೆಯ ಸಾಲಿಗೆ ಇಳಿಸಿ. ಅಲ್ಲಿ ಅದು ಯಾರ ದಾರಿಗೂ ಅಡ್ಡ ಬರುವುದಿಲ್ಲ.

ಅತಿಯಾಗಿ ಚಿಕ್ಕದು ಮಾಡಿದವರ ಪಾಡೂ ಇದೆ. 'ಸಾರ್, ಕಂಪ್ರೆಸರ್ ಅಪ್ರೂವಲ್ ಪ್ಲೀಸ್. ಲಗತ್ತು ನೋಡಿ.' ಇದು ಒಂದೇ ಸಾಲು, ಕೋರಿಕೆಯೂ ಮೊದಲಲ್ಲೇ ಇದೆ, ಆದರೂ ಉಪಯೋಗವಿಲ್ಲ. ಎಷ್ಟು, ಯಾವಾಗ, ಏಕೆ ಎಂದು ತಿಳಿಯಲು ಮೊಬೈಲಿನ ಪುಟ್ಟ ಪರದೆಯಲ್ಲಿ ಪಿಡಿಎಫ್ ಹಿಗ್ಗಿಸಿ ಓದಬೇಕು.

## ಉತ್ತರವೇ ಹೇಳುತ್ತದೆ

ಮೇಲ್ ಎಲ್ಲಿ ಕೆಟ್ಟಿತು ಎಂದು ತಿಳಿಯಲು ಬಂದ ಉತ್ತರವನ್ನು ನೋಡಿದರೆ ಸಾಕು. 'ನಾನೇನು ಮಾಡಬೇಕು?' ಎಂದು ಬಂದರೆ ಕ್ರಿಯಾಪದ ಇರಲಿಲ್ಲ, ಅಥವಾ ಬಹಳ ಕೆಳಗಿತ್ತು. 'ಎಷ್ಟಾಗುತ್ತದೆ?' 'ಪ್ರೊಡಕ್ಷನ್‌ನವರಿಗೆ ಹೇಳಿದ್ದೀರಾ?' ಎಂಬ ಪ್ರಶ್ನೆ ಬಂದರೆ ಕೋರಿಕೆ ತಲುಪಿದೆ, ತೀರ್ಮಾನಕ್ಕೆ ಬೇಕಾದ ಒಂದು ಸಂಗತಿ ಬಿಟ್ಟುಹೋಗಿದೆ. ಅದನ್ನು ನೆನಪಿಟ್ಟುಕೊಂಡರೆ ಮುಂದಿನ ಸಲ ಆ ಪ್ರಶ್ನೆಗೆ ಜಾಗವಿರುವುದಿಲ್ಲ, ಏಕೆಂದರೆ ಒಬ್ಬ ಮ್ಯಾನೇಜರ್ ಕೇಳುವ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. 'ನೋಟೆಡ್' ಎಂದು ಬಂದರೆ ಎಚ್ಚರವಾಗಬೇಕು. ನೀವು ಕೇಳಿದ್ದು ಒಪ್ಪಿಗೆ, ಅವರು ಓದಿಕೊಂಡದ್ದು ಸುದ್ದಿ.

ಎಲ್ಲಕ್ಕಿಂತ ಅಪಾಯಕಾರಿ ಉತ್ತರ 'ಓಕೆ'. ಎರಡು ಆಯ್ಕೆ ಕೊಟ್ಟು ಯಾವುದು ಮಾಡೋಣ ಎಂದು ಕೇಳಿದಾಗ, ಅಥವಾ ಒಂದೇ ಮೇಲಿನಲ್ಲಿ ಕಂಪ್ರೆಸರ್ ಒಪ್ಪಿಗೆಯನ್ನೂ ಮುಂದಿನ ವಾರದ ನಿಮ್ಮ ರಜೆಯನ್ನೂ ಕೇಳಿದಾಗ ಬರುವ ಒಂಟಿ 'ಓಕೆ' ಯಾವುದಕ್ಕೆ ಎಂದು ದೇವರೇ ಹೇಳಬೇಕು. ಆದ್ದರಿಂದ ಒಂದು ಮೇಲಿಗೆ ಒಂದೇ ಕೋರಿಕೆ. ಆಯ್ಕೆ ಕೊಡಲೇಬೇಕಿದ್ದರೆ ಅ, ಆ ಎಂದು ಗುರುತಿಟ್ಟು, ನನ್ನ ಸಲಹೆ 'ಅ', ಬೇರೆ ಹೇಳದಿದ್ದರೆ ಓಕೆ ಎಂದರೆ 'ಅ' ಎಂದು ತಿಳಿಯುತ್ತೇನೆ ಎಂದು ಬರೆಯಬಹುದು. 'ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ' ಎಂದು ಬರೆಯುವುದು ಬೇರೆ ಮಾತು. ಸಭೆಯ ಸಮಯ ಬದಲಿಸುವಂಥ ಸಣ್ಣ ಸಂಗತಿಗೆ ಅದು ನಡೆಯುತ್ತದೆ. ಹಣದ ವಿಷಯದಲ್ಲಿ ಯಾರೂ ಅದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು.

ಉತ್ತರವೇ ಬರದಿದ್ದಾಗ ಒಮ್ಮೆ 'ಟು' ಮತ್ತು 'ಸಿಸಿ' ನೋಡಿಕೊಳ್ಳಿ. 'ಟು'ವಿನಲ್ಲಿ ನಾಲ್ಕು ಹೆಸರಿದ್ದರೆ ನಾಲ್ವರೂ ಇನ್ನೊಬ್ಬರು ಉತ್ತರಿಸುತ್ತಾರೆ ಎಂದುಕೊಂಡಿರುತ್ತಾರೆ. ಒಪ್ಪಿಗೆ ಕೊಡಬೇಕಾದವರು ಒಬ್ಬರೇ, 'ಟು'ವಿನಲ್ಲಿ ಅವರೊಬ್ಬರೇ ಇರಬೇಕು.

ಈ ಕ್ರಮ ಹೊಂದದ ಮೇಲ್‌ಗಳೂ ಇವೆ. ಸಹೋದ್ಯೋಗಿಯೊಬ್ಬರ ವರ್ತನೆಯ ಬಗ್ಗೆ ದೂರು ಕೊಡುವಾಗ ಏನು, ಎಂದು, ಎಲ್ಲಿ, ಯಾರೆದುರು ನಡೆಯಿತು ಎಂಬ ಕ್ರಮವೇ ಮುಖ್ಯ. ಅಲ್ಲಿ ಮೊದಲ ಸಾಲಿನಲ್ಲಿ ಇದು ದೂರು ಎಂದು ಹೇಳಿ, ಉಳಿದದ್ದನ್ನು ನಡೆದ ಹಾಗೆಯೇ, ಎಷ್ಟು ಉದ್ದವಾದರೂ ಸರಿ, ಬರೆಯಬೇಕು. ಕೆಲಸಗಾರನಿಗೆ ಪೆಟ್ಟಾಗಿದೆ ಎಂಬಂಥ ಸುದ್ದಿಗೆ ಮೇಲ್ ಮೊದಲ ದಾರಿಯೇ ಅಲ್ಲ, ಫೋನ್ ಮಾಡಬೇಕು. ಇನ್ನು, ಏನು ಕೇಳಬೇಕೆಂದು ನಿಮಗೇ ಗೊತ್ತಿಲ್ಲದ ಸಂದರ್ಭಗಳಿರುತ್ತವೆ. ಸಮಸ್ಯೆ ಇದೆ, ದಾರಿ ಕಾಣುತ್ತಿಲ್ಲ. ಆಗಲೂ ಮೊದಲ ಸಾಲಿಗೆ ಒಂದು ಕೋರಿಕೆ ಇದ್ದೇ ಇದೆ: 'ಸಾರ್, ನಾಳೆ ಹದಿನೈದು ನಿಮಿಷ ಸಮಯ ಕೊಡಿ, ಕಂಪ್ರೆಸರ್ ವಿಷಯದಲ್ಲಿ ನಿಮ್ಮ ಸಲಹೆ ಬೇಕು.'

ನೆನಪೋಲೆಯ ಬಗ್ಗೆ ಒಂದು ಮಾತು. ಬುಧವಾರವೂ ಉತ್ತರ ಬರದಿದ್ದರೆ ಹಳೆಯ ಮೇಲಿನ ತಲೆಯ ಮೇಲೆ 'ಜೆಂಟಲ್ ರಿಮೈಂಡರ್' ಎಂದಷ್ಟೇ ಬರೆದು ಕಳಿಸಬೇಡಿ. ಮೊದಲ ಎರಡು ಸಾಲು ಮತ್ತೆ ಖಾಲಿಯಾಗುತ್ತವೆ. ಕೋರಿಕೆಯ ವಾಕ್ಯವನ್ನೇ, ಮೊತ್ತ ಮತ್ತು ಗಡುವಿನೊಂದಿಗೆ, ಮತ್ತೆ ಮೇಲೆ ಬರೆಯಿರಿ. ಗುರುವಾರ ಮಧ್ಯಾಹ್ನ ಮೂರಾದರೂ ಸದ್ದಿಲ್ಲದಿದ್ದರೆ ಇನ್ನೊಂದು ಮೇಲ್ ಬರೆಯುತ್ತ ಕೂರಬೇಡಿ, ಎದ್ದು ಅವರ ಕ್ಯಾಬಿನ್ನಿಗೆ ಹೋಗಿ. ಒಪ್ಪಿಗೆ ಬಾಯಲ್ಲಿ ಸಿಕ್ಕರೆ, ಹೊರಬಂದ ಕೂಡಲೇ 'ಸಾರ್, ಈಗ ತಾವು ಹೇಳಿದಂತೆ ₹2,83,200ರ ಆರ್ಡರ್ ಹಾಕುತ್ತಿದ್ದೇನೆ' ಎಂದು ಅದೇ ಮೇಲಿಗೆ ಒಂದು ಸಾಲು ಸೇರಿಸಿ ಕಳಿಸಿಬಿಡಿ.